29ನೇ ವಾರ, ಸುಮ್ನೆ ಕೂತಿದ್ರೂ ಹಾರ್ಟ್ ರೇಟ್ 106. ಗರ್ಭಿಣಿ ಅಂದ್ಮೇಲೆ ಇದು ಮಾಮೂಲಾ?

ಬೆಳ್ಮುಗಿಲು
ಎಲ್ರಿಗೂ ನಮಸ್ಕಾರ. ನಂಗೀಗ 29 ವಾರ, ಮೊದಲನೇ ಮಗು. ಮೂರು ವರ್ಷದಿಂದ ಕೈಗೆ ವಾಚ್ ಕಟ್ಕೋತೀನಿ, ಹಾಗಾಗಿ ನನ್ನ ನಂಬರ್‌ಗಳು ನಂಗೆ ಚೆನ್ನಾಗಿ ಗೊತ್ತು. ಬಸುರಿ ಆಗೋ ಮುಂಚೆ ಕೂತಾಗ 72, 74 ಇರ್ತಿತ್ತು. 12ನೇ ವಾರದ ಹೊತ್ತಿಗೆ 82 ಆಗಿತ್ತು, 24ನೇ ವಾರದಲ್ಲಿ 90, 92, ಅಲ್ಲೀವರೆಗೂ ನಂಗೇನೂ ಅನಿಸ್ಲಿಲ್ಲ. ಆದ್ರೆ ಈಗ ಒಂದು ಹತ್ತು ದಿನದಿಂದ ಸುಮ್ನೆ ಕುರ್ಚಿ ಮೇಲೆ ಕೂತು ಕೆಲ್ಸ ಮಾಡ್ತಿದ್ರೂ 104, 106, ಒಮ್ಮೊಮ್ಮೆ 108 ತೋರಿಸ್ತಿದೆ, ಎರಡು ಸಲ "ಹಾರ್ಟ್ ರೇಟ್ ಜಾಸ್ತಿ ಇದೆ" ಅಂತ ವಾಚೇ ಎಚ್ಚರಿಕೆ ಕೊಡ್ತು. ಹುಡುಕಿ ಓದಿದ್ರೆ ಒಂದು ಕಡೆ 100 ದಾಟಿದ್ರೆ ತೊಂದ್ರೆ ಅಂತಿದೆ, ಇನ್ನೊಂದು ಕಡೆ ಗರ್ಭಿಣಿಯರಲ್ಲಿ ಇದೆಲ್ಲಾ ಮಾಮೂಲು ಅಂತಿದೆ. ನಮ್ಮಮ್ಮ "ಎರಡು ಜೀವಕ್ಕೆ ಹೊಡ್ಕೋಬೇಕಲ್ಲಮ್ಮಾ, ಜೋರಾಗೇ ಇರುತ್ತೆ ಬಿಡು" ಅಂತಾರೆ. ಮುಂದಿನ ಚೆಕಪ್‌ಗೆ ಇನ್ನೂ 12 ದಿನ ಇದೆ. ಯಾವ ತಿಂಗಳಲ್ಲಿ ಎಷ್ಟಿರ್ಬೇಕು, ಎಷ್ಟಾದ್ರೆ ಕಾಯ್ದೆ ಹೋಗ್ಬೇಕು, ಗೊತ್ತಿರೋರು ಹೇಳ್ತೀರಾ?

ಪುಟ್ಟಹೆಜ್ಜೆ
106 ಅಂದ್ರೆ ಕಮ್ಮಿ ಆಯ್ತಲ್ಲಾ ಅಕ್ಕಾ! ನಂದು ಸ್ಕ್ಯಾನಲ್ಲಿ 148 ಬಂದಿತ್ತು, 110ಕ್ಕಿಂತ ಕೆಳಗೆ ಹೋದ್ರೆ ಒಳ್ಳೇದಲ್ಲ ಅಂದಿದ್ರು. ನೀವು ಚೆಕಪ್‌ವರೆಗೂ ಕಾಯ್ಬೇಡಿ ಪ್ಲೀಸ್, ಇವತ್ತೇ ಹೋಗಿ. ನಮ್ಮನೇಲಿ 148 ಕೇಳಿ ಹೆಣ್ಣು ಮಗೂನೇ ಅಂತ ತೀರ್ಮಾನಾನೂ ಮಾಡ್ಬಿಟ್ಟಿದಾರೆ, 140 ಮೇಲಿದ್ರೆ ಹೆಣ್ಣಂತೆ.

ಬೆಳ್ಮುಗಿಲು
ಅಯ್ಯೋ ಇಲ್ಲ ಇಲ್ಲ, ನಾನು ಕೇಳಿದ್ದು ನನ್ನ ಹಾರ್ಟ್ ರೇಟ್, ಮಗೂದಲ್ಲ. ಮಗೂದು ಹೋದ ಸ್ಕ್ಯಾನಲ್ಲಿ 144 ಇತ್ತು, ಚೆನ್ನಾಗಿದೆ ಅಂದ್ರು.

ವಾರ್ಡ್_ಅಕ್ಕ
ಬೆಳ್ಮುಗಿಲು, ನಾನು 17 ವರ್ಷದಿಂದ ಗರ್ಭಿಣಿಯರ ವಾರ್ಡಲ್ಲಿ ನರ್ಸ್. ಮೊದ್ಲು ಮಗೂ ವಿಷಯ ಮುಗಿಸ್ಬಿಡ್ತೀನಿ, ಯಾಕಂದ್ರೆ ಈ ಗೊಂದಲ ತುಂಬಾ ಜನಕ್ಕಿದೆ. ಹೊಟ್ಟೇಲಿರೋ ಮಗೂದು 110ರಿಂದ 160, ತಾಯಿದು ಬೇರೇನೇ ಲೆಕ್ಕ, ಒಂದರ ಅಳತೆ ಇನ್ನೊಂದಕ್ಕೆ ಹಿಡಿಯೋ ಹಾಗಿಲ್ಲ. ಪುಟ್ಟಹೆಜ್ಜೆ, ಮಗೂ ಬಡಿತಕ್ಕೂ ಗಂಡು ಹೆಣ್ಣಿಗೂ ಸಂಬಂಧ ಇಲ್ಲಮ್ಮ. 9ನೇ ವಾರದ ಸುಮಾರಿಗೆ ಎಲ್ಲಾ ಮಕ್ಕಳದ್ದೂ 170ರ ಹತ್ರ ಹೋಗಿ ಆಮೇಲೆ ನಿಧಾನಕ್ಕೆ ಇಳಿಯುತ್ತೆ.

ಈಗ ತಾಯಿದು. ಬಸುರಿ ಆದ ಮೊದಲ ವಾರಗಳಲ್ಲೇ ಹಾರ್ಮೋನುಗಳಿಂದ ರಕ್ತನಾಳಗಳು ಸಡಿಲ ಆಗಿ ಅಗಲ ಆಗ್ತವೆ. ಪೈಪ್ ಅಗಲ ಆದಾಗ ಒಳಗಿನ ಒತ್ತಡ ಬೀಳ್ಬಾರ್ದಲ್ಲ, ಅದಕ್ಕೆ ದೇಹ ನೀರು ಉಪ್ಪು ಹಿಡಿದಿಟ್ಕೊಂಡು ರಕ್ತ ಹೆಚ್ಚಿಸ್ಕೊಳ್ಳುತ್ತೆ, ಕೊನೇ ತಿಂಗಳುಗಳ ಹೊತ್ತಿಗೆ ಮುಂಚಿಗಿಂತ 40, 50 ಪರ್ಸೆಂಟ್ ಜಾಸ್ತಿ ರಕ್ತ ಓಡಾಡ್ತಿರುತ್ತೆ. ಅಷ್ಟನ್ನೂ ತಳ್ಳೋಕೆ ಹೃದಯಕ್ಕೆ ಎರಡೇ ದಾರಿ, ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳೋದು, ಇಲ್ಲಾ ಹೆಚ್ಚು ಸಲ ಬಡಿಯೋದು. ಮೊದಲರ್ಧದಲ್ಲಿ ಜಾಸ್ತಿ ಕೆಲ್ಸ ಮಾಡೋದು ಮೊದಲನೇ ದಾರಿ. ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ, ಆಮೇಲಿಂದ ಭಾರ ಎಲ್ಲಾ ಬಡಿತದ ಮೇಲೇ ಬೀಳುತ್ತೆ. ಅದಕ್ಕೇ ನಾಡಿ ಏರೋದು ಶುರುವಿಂದಾನೇ ಇದ್ರೂ ನಮ್ಗೆ ಎದ್ದು ಕಾಣೋದು ಆರು ತಿಂಗಳು ಕಳೆದ್ಮೇಲೆ.

ನಂಬರ್ ಬೇಕಂದ್ರೆ, ತೊಂದ್ರೆ ಏನೂ ಇಲ್ಲದ ಸಾವಿರದಷ್ಟು ಹೆಂಗಸರನ್ನ ಬಸುರಿನುದ್ದಕ್ಕೂ ಮತ್ತೆ ಮತ್ತೆ ಅಳೆದು ನೋಡಿರೋ ಲೆಕ್ಕ ಇದೆ. 12ನೇ ವಾರದಲ್ಲಿ ನಡುವಿನ ನಂಬರ್ 82, 34ನೇ ವಾರದ ಹತ್ರ 91ಕ್ಕೆ ಹೋಗಿ ಅಲ್ಲೇ ಅದರ ಎತ್ತರ. ಆದ್ರೆ ನಡುವಿನದ್ದು ಮಾತ್ರ ನೋಡಿದ್ರೆ ಮೋಸ ಹೋಗ್ತೀವಿ, ಎರಡೂ ತುದಿ ನೋಡ್ಬೇಕು. 12ನೇ ವಾರದಲ್ಲಿ 63ರಿಂದ 105, 34ರಲ್ಲಿ 68ರಿಂದ 115, ನೂರಕ್ಕೆ 94 ಜನ ಇದರೊಳಗೇ ಬರ್ತಾರೆ. ಅಂದ್ರೆ ಆರೋಗ್ಯವಾಗಿರೋ ಗರ್ಭಿಣಿಯರಲ್ಲೂ ಕೆಲವರದ್ದು 100 ದಾಟೇ ಇರುತ್ತೆ.

ಹಾಗಂತ ನಿಮ್ಮ 106 ಸರಿ ಇದೆ ಅಂತ ನಾನು ಹೇಳ್ತಿಲ್ಲ. ನಂಗೆ 106 ಅನ್ನೋ ನಂಬರ್‌ಗಿಂತ ಹತ್ತೇ ದಿನದಲ್ಲಿ 92 ಬಿಟ್ಟು 106ಕ್ಕೆ ಬಂತು ಅಂದ್ರಲ್ಲ, ಅದು ಕಣ್ಣಿಗೆ ಬಿತ್ತು. ಬರೀ ಬಸುರಿಂದ ಏರೋ ನಾಡಿ ಇಷ್ಟು ಅವಸರದಲ್ಲಿ ಏರಲ್ಲ, ಒಂದೊಂದೇ ಮೆಟ್ಟಿಲು ಹತ್ತುತ್ತೆ.

ಹಸಿರುಹಾದಿ
ಗರ್ಭಿಣಿಯರದ್ದು 140 ದಾಟಬಾರ್ದು ಅನ್ನೋದೇ ಲೆಕ್ಕ, ಅದರೊಳಗಿದ್ರೆ ಚಿಂತೆ ಇಲ್ಲ. ನಮ್ಮ ಯೋಗ ಟ್ರೈನರ್ ಅದನ್ನೇ ಹೇಳೋದು. ಮತ್ತೆ ಹಾರ್ಟ್ ರೇಟ್ ಏರಿದ್ರೆ ಬಿಪಿ ಏರಿದೆ ಅಂತಾನೇ ಅರ್ಥ, ಅದಕ್ಕೆ ಬಿಪಿ ಚೆಕ್ ಮಾಡಿಸ್ಕೊಳ್ಳಿ, ಉಪ್ಪು ಕಮ್ಮಿ ಮಾಡಿ.

ವಾರ್ಡ್_ಅಕ್ಕ
ಹಸಿರುಹಾದಿ, ಬಿಪಿ ನೋಡಿಸ್ಕೊಳ್ಳಿ ಅನ್ನೋದು ಒಳ್ಳೇ ಮಾತು, ಆದ್ರೆ ಕಾರಣ ಅದಲ್ಲ. ಈಗ ತಾನೆ ಹೇಳಿದ್ನಲ್ಲ, ರಕ್ತನಾಳ ಸಡಿಲ ಆಗಿರುತ್ತೆ ಅಂತ, ಅದರಿಂದ ನಾಲ್ಕೈದು ತಿಂಗಳ ಹೊತ್ತಿಗೆ ಬಿಪಿ ಸ್ವಲ್ಪ ಇಳಿದಿರುತ್ತೆ, ಅದೇ ಸಮಯಕ್ಕೆ ನಾಡಿ ಏರ್ತಾ ಇರುತ್ತೆ. ಎರಡೂ ಜೊತೆಗೇ ಏರ್ಬೇಕು ಅಂತೇನಿಲ್ಲ. ರಕ್ತ ಹೋದಾಗಂತೂ ನಾಡಿ ಮೊದ್ಲು ಏರುತ್ತೆ, ಬಿಪಿ ಬೀಳೋದು ತುಂಬಾ ತಡವಾಗಿ, ಅದಕ್ಕೇ ವಾರ್ಡಲ್ಲಿ ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು. ನಾಡಿ ಮೇಲಿನ ಬಿಪಿ ನಂಬರನ್ನ ಮುಟ್ಟೋ ಹಾಗೆ ಹತ್ರ ಬಂತಂದ್ರೆ ನಮ್ಗೆ ಕೂರೋಕಾಗಲ್ಲ.

140 ಅನ್ನೋದು ವ್ಯಾಯಾಮಕ್ಕೆ ಹೇಳಿದ ಮಾತು, ಕೂತಾಗಿನ ನಾಡಿಗಲ್ಲ. 1985ರಲ್ಲಿ ಅಮೆರಿಕದ ಪ್ರಸೂತಿ ವೈದ್ಯರ ಸಂಘ ಹಾಗೆ ಸಲಹೆ ಕೊಟ್ಟಿತ್ತು, 1994ರಲ್ಲಿ ಅವರೇ ಅದನ್ನ ಕೈಬಿಟ್ರು. ಈಗ ಹೇಳೋದು, ವ್ಯಾಯಾಮ ಮಾಡ್ತಾ ಪಕ್ಕದವರ ಜೊತೆ ಮಾತಾಡೋಕಾಗ್ತಿದ್ರೆ ಸಾಕು ಅಂತ. ಸುಮ್ನೆ ಕೂತಾಗ 130 ಬಂದ್ರೆ "140 ಒಳಗಿದೆಯಲ್ಲ" ಅಂತ ಮನೇಲೇ ಕೂತ್ಬಿಟ್ರೆ ಅಪಾಯ, ಅದಕ್ಕೆ ಇಷ್ಟು ಬಿಡಿಸಿ ಹೇಳ್ತಿದೀನಿ.

ಬೆಳ್ಮುಗಿಲು, ನಂಗೆ ಮೂರ್ನಾಲ್ಕು ವಿಷಯ ಬೇಕು. ಮೆಟ್ಟಿಲು ಹತ್ತಿದ್ರೆ ಮುಂಚಿಗಿಂತ ಏದುಸಿರು ಬರ್ತಿದೆಯಾ? ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರ್ಬೇಕು ಅನ್ಸುತ್ತಾ? ಜ್ವರ, ಉರಿಮೂತ್ರ, ಒಂದೇ ಕಾಲಲ್ಲಿ ಊತ ನೋವು ಏನಾದ್ರೂ? ಕೊನೇ ಹಿಮೋಗ್ಲೋಬಿನ್ ಯಾವಾಗ ನೋಡಿದ್ರು, ಎಷ್ಟಿತ್ತು? ಐರನ್ ಮಾತ್ರೆ ತಪ್ಪದೇ ತಗೋತಿದೀರಾ?

ಇನ್ನೊಂದು, ವಾಚ್ ಬಿಟ್ಟು ಕೈಯಲ್ಲಿ ಎಣಿಸಿ. ಐದು ಹತ್ತು ನಿಮಿಷ ಮಾತಾಡ್ದೆ ಒರಗಿ ಕೂತ್ಕೊಳ್ಳಿ, ಕೆಫೀನ್ ಇರೋದೇನೂ ಆಗ ತಾನೆ ಕುಡಿದಿರ್ಬೇಡಿ. ಹೆಬ್ಬೆಟ್ಟಿನ ಬುಡದ ಕೆಳಗೆ ಮಣಿಕಟ್ಟಲ್ಲಿ ಎರಡು ಬೆರಳು ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಒಂದೇ ಒಂದು ಬಡಿತ ತಪ್ಪಿದ್ರೂ ನಾಲ್ಕು ಹೆಚ್ಚು ಕಮ್ಮಿ ಆಗುತ್ತೆ. ಹೆಬ್ಬೆರಳಲ್ಲಿ ಎಣಿಸ್ಬೇಡಿ, ಅದರದ್ದೇ ನಾಡಿ ಸೇರ್ಕೊಳ್ಳುತ್ತೆ. ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ, ಮೂರು ದಿನ ಬರ್ದಿಡಿ.

ಸಂಜೆಗಾಳಿ
ನಾನು ನನ್ನ ಹೆಂಡ್ತಿ ಪರವಾಗಿ ಕೇಳ್ತಿದೀನಿ, 31 ವಾರ. ಇವಳದ್ದು 64 ದಾಟೋದೇ ಇಲ್ಲ! ಎಲ್ರಿಗೂ ಏರುತ್ತೆ ಅಂತೀರಿ, ಇವಳದ್ದು ಬಸುರಿಗೆ ಮುಂಚೆ 76 ಇದ್ದಿದ್ದು ಈಗ 64. ಹೃದಯ ವೀಕ್ ಆಗಿದೆಯಾ ಅಂತ ನಂಗೆ ನಿದ್ದೆ ಬರ್ತಿಲ್ಲ.

ವಾರ್ಡ್_ಅಕ್ಕ
ಬಿಪಿಗೆ ಮಾತ್ರೆ ತಗೋತಿದಾರಾ?

ಸಂಜೆಗಾಳಿ
ಹೌದು, 26ನೇ ವಾರದಿಂದ ಲ್ಯಾಬೆಟಲಾಲ್ ದಿನಕ್ಕೆ ಎರಡು ಸಲ.

ವಾರ್ಡ್_ಅಕ್ಕ
ಅದೇ ಕಾರಣ ಇರ್ಬೇಕು. ಆ ಮಾತ್ರೆ ಬಿಪಿ ಜೊತೆಗೆ ನಾಡೀನೂ ಇಳಿಸುತ್ತೆ. ತಲೆಸುತ್ತು, ಕಣ್ಣು ಕತ್ತಲೆ ಏನೂ ಇಲ್ದೆ ಓಡಾಡ್ಕೊಂಡಿದ್ರೆ 64ಕ್ಕೆ ಹೆದರ್ಬೇಡಿ, ಮುಂದಿನ ಸಲ ಡಾಕ್ಟರಿಗೆ ನಂಬರ್ ಹೇಳಿ, ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ಒಂದೇ ಒಂದು ನೆನಪಲ್ಲಿರ್ಲಿ, ಇವರಿಗೆ ಜ್ವರ ಬಂದ್ರೂ ರಕ್ತ ಹೋದ್ರೂ ನಾಡಿ ಬೇರೆಯವರಷ್ಟು ಏರಲ್ಲ, ಮಾತ್ರೆ ಅದನ್ನ ಹಿಡಿದಿಟ್ಟಿರುತ್ತೆ. ಹಾಗಾಗಿ "ನಾಡಿ 84 ಅಷ್ಟೇ ಇದೆಯಲ್ಲ" ಅಂತ ಸಮಾಧಾನ ಮಾಡ್ಕೊಳ್ಳೋ ಹಾಗಿಲ್ಲ, ಬೇರೆ ಲಕ್ಷಣಗಳನ್ನೇ ನಂಬ್ಬೇಕು. ಉಸಿರು ತಕ್ಷಣ ಸಡಿಲ ಮಾಡೋ ಅಸ್ತಮಾ ಇನ್ಹೇಲರ್ ಇದಕ್ಕೆ ಉಲ್ಟಾ, ಎಳ್ಕೊಂಡ ಸ್ವಲ್ಪ ಹೊತ್ತು ನಾಡಿ ಓಡುತ್ತೆ.

ಅರ್ಧಚಂದ್ರ
ನನ್ನ ಕಥೆ ಬೆಳ್ಮುಗಿಲು ಥರಾನೇ, ಅದಕ್ಕೆ ಬರೀತಿದೀನಿ. 27ನೇ ವಾರದಿಂದ ಕೂತಾಗಲೇ 108, 112. ಹಿಮೋಗ್ಲೋಬಿನ್ 11.4, ಥೈರಾಯ್ಡ್ ಸರಿ, ಇಸಿಜಿ ಸರಿ, ಎಕೋ ಕೂಡಾ ಮಾಡಿದ್ರು ಅದೂ ಸರಿ. 24 ಗಂಟೆ ಎದೆಗೆ ಮಿಷಿನ್ ಅಂಟಿಸಿ ಕಳಿಸಿದ್ರು, ದಿನವಿಡೀ ಸರಾಸರಿ 98 ಬಂತು, ರಾತ್ರಿ ನಿದ್ದೇಲಿ 80ರ ಹತ್ರ ಇಳಿದಿತ್ತು, ಅಲ್ಲೊಂದು ಇಲ್ಲೊಂದು ಬಡಿತ ಜಾರಿದ್ದು ಬಿಟ್ರೆ ಏನೂ ಸಿಗ್ಲಿಲ್ಲ. ಆ ಜಾರೋ ಬಡಿತ ಗರ್ಭಿಣಿಯರಲ್ಲಿ ತುಂಬಾ ಕಾಮನ್ ಅಂದ್ರು, ನಂಗದು ಎದೇಲಿ ಮೀನು ಹೊರಳಿದ ಹಾಗೆ ಅನಿಸ್ತಿತ್ತು. "ನಿಮ್ಮ ದೇಹದ ರೀತಿ ಇದು" ಅಂತ ಬಿಟ್ರು. ಹೆರಿಗೆ ಆಗಿ ಆರು ವಾರಕ್ಕೆ 78ಕ್ಕೆ ಬಂತು. ಯಾಕೆ ಹಾಗಾಗಿತ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ನೀವೂ ಸುಮ್ನೆ ಗಾಬರಿ ಆಗ್ಬೇಡಿ.

ವಾರ್ಡ್_ಅಕ್ಕ
ಅರ್ಧಚಂದ್ರ, ನಿಮ್ಗೆ ಎಲ್ಲಾ ನೋಡಿದ್ಮೇಲೆ ಬಿಟ್ರು. ಬೆಳ್ಮುಗಿಲುಗೆ ಇನ್ನೂ ಏನೂ ನೋಡಿಲ್ಲ.

ಬೆಳ್ಮುಗಿಲು (ಮೂರು ದಿನ ಆದ್ಮೇಲೆ)
ಅಕ್ಕಾ, ನೀವು ಹೇಳಿದ ಹಾಗೇ ಎಣಿಸ್ದೆ. ಬೆಳಗ್ಗೆ 98, 100, 99. ಸಂಜೆ 105, 107, 104. ವಾಚ್ ತೋರಿಸಿದ್ದಕ್ಕೂ ಇದಕ್ಕೂ ಎರಡು ಮೂರರ ವ್ಯತ್ಯಾಸ ಅಷ್ಟೇ. ಆದ್ರೆ ಒಂದು ವಿಚಿತ್ರ ಕಂಡ್ತು, ಅಂಗಾತ ಮಲಗಿ ಎಣಿಸಿದ್ರೆ 114, ಜೊತೆಗೆ ಮೈ ಬೆವರಿ ಒಂಥರಾ ಸಂಕಟ, ಎಡಕ್ಕೆ ಹೊರಳಿದ್ರೆ ಎರಡೇ ನಿಮಿಷದಲ್ಲಿ 97. ಮಲಗಿದ್ರೆ ಇನ್ನೂ ಕಮ್ಮಿ ಆಗ್ಬೇಕಲ್ವಾ, ಜಾಸ್ತಿ ಯಾಕಾಗುತ್ತೆ?

ನೀವು ಕೇಳಿದ್ದಕ್ಕೆ ಉತ್ತರ. ಏದುಸಿರು ಹೌದು, ಹೋದ ತಿಂಗಳು ಎರಡು ಮಹಡಿ ಹತ್ತುತ್ತಾ ಫೋನಲ್ಲಿ ಮಾತಾಡ್ತಿದ್ದೆ, ಈಗ ಒಂದು ಮಹಡಿಗೇ ನಿಂತು ಕಂಬಿ ಹಿಡ್ಕೋಬೇಕು. ಮಲಗಿದಾಗ ಉಸಿರು ಕಟ್ಟಲ್ಲ. ಜ್ವರ ಇಲ್ಲ, ಕಾಲು ಎರಡೂ ಸಂಜೆ ಸ್ವಲ್ಪ ಊದುತ್ತೆ ಅಷ್ಟೇ. ಹಿಮೋಗ್ಲೋಬಿನ್ 13ನೇ ವಾರದಲ್ಲಿ 11.2 ಇತ್ತು, ಆಮೇಲೆ ನೋಡಿಸಿಲ್ಲ. ಐರನ್ ಮಾತ್ರೆ... ಅದು ತಗೊಂಡ್ರೆ ಮೂರು ದಿನಕ್ಕೊಂದ್ಸಲ ಮೋಷನ್, ಹೊಟ್ಟೆ ಕಲ್ಲು, ಹಾಗಾಗಿ ಎರಡು ತಿಂಗಳಿಂದ ಬಿಟ್ಬಿಟ್ಟಿದೀನಿ, ಡಾಕ್ಟರಿಗೆ ಹೇಳಿಲ್ಲ.

ವಾರ್ಡ್_ಅಕ್ಕ
ಹೇಳಿದ್ದು ಒಳ್ಳೇದಾಯ್ತು. ಐರನ್ ಮಾತ್ರೆ ಬಿಟ್ಟೋರು ಯಾರೂ ತಾವಾಗೇ ಹೇಳಲ್ಲ, ಕೇಳಿದ್ರೆ ಮಾತ್ರ ಹೊರಗೆ ಬರೋದು.

ಅಂಗಾತ ಮಲಗೋ ವಿಷಯ ಮೊದ್ಲು. ಐದು ತಿಂಗಳು ಕಳೆದ್ಮೇಲೆ ಗರ್ಭಕೋಶ ಭಾರ ಆಗಿರುತ್ತೆ. ಅಂಗಾತ ಮಲಗಿದಾಗ ಅದು ಬೆನ್ನುಮೂಳೆ ಪಕ್ಕದಲ್ಲಿರೋ ದೊಡ್ಡ ರಕ್ತನಾಳವನ್ನ ಅದುಮುತ್ತೆ, ಕಾಲಿಂದ ಹೃದಯಕ್ಕೆ ರಕ್ತ ವಾಪಸ್ ಬರೋ ದಾರಿ ಅದು. ಹೃದಯಕ್ಕೆ ಬರೋ ರಕ್ತಾನೇ ಕಮ್ಮಿ ಆದಾಗ ಇರೋದನ್ನೇ ಬೇಗ ಬೇಗ ತಳ್ಳಿ ಸರಿದೂಗಿಸೋಕೆ ನೋಡುತ್ತೆ, ಅದೇ ನಿಮ್ಮ 114, ಅದೇ ಆ ಬೆವರು ಸಂಕಟ. ಪಕ್ಕಕ್ಕೆ ಹೊರಳಿದ ತಕ್ಷಣ ಭಾರ ಸರಿದು ದಾರಿ ಬಿಡುತ್ತೆ. ಇದು ಕಾಯಿಲೆ ಅಲ್ಲ, ಅಂಗಾತ ಮಲಗ್ಬೇಡಿ ಅಷ್ಟೇ, ಎಣಿಸೋವಾಗ್ಲೂ ಕೂತೇ ಎಣಿಸಿ.

ಉಳಿದಿದ್ದು ಕೂತಾಗಿನ 98ರಿಂದ 107. ಅದಕ್ಕೆ ನನ್ನ ಅನುಮಾನ ರಕ್ತಹೀನತೆ ಮೇಲೆ. ಬಸುರಲ್ಲಿ ರಕ್ತದ ನೀರು ಹೆಚ್ಚೋ ವೇಗಕ್ಕೆ ಕೆಂಪುಕಣ ಹೆಚ್ಚಲ್ಲ, ಹಾಗಾಗಿ ರಕ್ತ ತೆಳು ಆಗೋದು ಸಹಜಾನೇ. ಅದನ್ನ ಲೆಕ್ಕಕ್ಕೆ ತಗೊಂಡೇ ಮೊದಲ ಮೂರು ಮತ್ತು ಕೊನೇ ಮೂರು ತಿಂಗಳಲ್ಲಿ 11, ನಡುವೆ 10.5 ಅಂತ ಹಿಮೋಗ್ಲೋಬಿನ್‌ಗೆ ಗೆರೆ ಎಳೆದಿದಾರೆ. 13ನೇ ವಾರಕ್ಕೇ ನೀವು ಗೆರೆ ಹತ್ರ ಇದ್ರಿ, ಮಗು ಕಬ್ಬಿಣ ಜಾಸ್ತಿ ಎಳೆಯೋದು ಈಗ ಶುರು, ಅದೇ ಹೊತ್ತಿಗೆ ಮಾತ್ರೇನೂ ನಿಂತಿದೆ. ಒಂದೊಂದು ಲೋಟ ರಕ್ತದಲ್ಲಿ ಆಮ್ಲಜನಕ ಹೊರೋ ಕಣ ಕಮ್ಮಿ ಇದ್ರೆ ಹೃದಯ ಹೆಚ್ಚು ಲೋಟ ಕಳಿಸ್ಬೇಕು, ನಾಡಿ ಏರೋದು ಅದಕ್ಕೇ. 12 ದಿನ ಕಾಯ್ಬೇಡಿ, ನಾಳೇನೇ ಹೋಗಿ ರಕ್ತ ಕೊಡಿ. ಹಿಮೋಗ್ಲೋಬಿನ್ ಜೊತೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಫೆರಿಟಿನ್, ಥೈರಾಯ್ಡ್ ಕೂಡಾ ನೋಡೋಕೆ ಆಗುತ್ತಾ ಅಂತ ಕೇಳಿ, ಮಾತ್ರೆ ಬಿಟ್ಟಿದ್ದು ಮುಚ್ಚಿಡ್ಬೇಡಿ. ನನ್ನ ಅನುಮಾನ ತಪ್ಪಿರ್ಬಹುದು, ನೋಡೋದು ಅವರ ಕೆಲ್ಸ.

ಎರಡುಜಡೆ
ಅವಳಿ ಇದ್ರೆ ಈ ಲೆಕ್ಕ ಬದಲಾಗುತ್ತಾ? ನಂದು 26 ವಾರ, 102.

ವಾರ್ಡ್_ಅಕ್ಕ
ಅವಳಿ ಇದ್ರೆ ರಕ್ತ ಇನ್ನೂ ಜಾಸ್ತಿ ಹೆಚ್ಚುತ್ತೆ, ನಾಡೀನೂ ಒಂದು ಮಗು ಇರೋರಿಗಿಂತ ಸ್ವಲ್ಪ ಮೇಲೇ ಇರುತ್ತೆ. ಆದ್ರೆ ರಕ್ತಹೀನತೆ ಆಗೋ ಸಾಧ್ಯತೇನೂ ಅವಳಿಯಲ್ಲೇ ಜಾಸ್ತಿ, ಹಾಗಾಗಿ ನಿಮ್ಮ ಹಿಮೋಗ್ಲೋಬಿನ್ ಎಷ್ಟು ಅಂತ ಗೊತ್ತಿಲ್ದೆ 102 ಸರಿ ಅಂತ ನಾನು ಹೇಳಲ್ಲ.

ಹಸಿರುಹಾದಿ
ಹಾಗಾದ್ರೆ ಗೆರೆ ಎಲ್ಲಿ ಅಂತ ಹೇಳಿ ಅಕ್ಕಾ. 115 ಕೂಡಾ ಸಹಜದೊಳಗೆ ಅಂತೀರಿ, 106ಕ್ಕೆ ನಾಳೇನೇ ಹೋಗಿ ಅಂತೀರಿ. ಓದೋರಿಗೆ ಏನು ಅರ್ಥ ಆಗ್ಬೇಕು?

ವಾರ್ಡ್_ಅಕ್ಕ
ನ್ಯಾಯವಾದ ಪ್ರಶ್ನೆ. ಇದ್ರಲ್ಲಿ ವೈದ್ಯರೊಳಗೂ ಒಮ್ಮತ ಇಲ್ಲ. ತುಂಬಾ ಆಸ್ಪತ್ರೆಗಳ ಚಾರ್ಟಲ್ಲಿ 100 ದಾಟಿದ್ರೆ ಹಳದಿ, 120 ದಾಟಿದ್ರೆ ಕೆಂಪು. 100ಕ್ಕೇ ಹಳದಿ ಇಟ್ರೆ ಕೊನೇ ತಿಂಗಳಲ್ಲಿ ಆರೋಗ್ಯವಾಗಿರೋ ಎಷ್ಟೋ ಜನ ಹಳದಿಗೆ ಬೀಳ್ತಾರೆ, ಅದಕ್ಕೆ 110ಕ್ಕೆ ಏರಿಸಿ ಅನ್ನೋರಿದಾರೆ. ಏರಿಸಿದ್ರೆ ನಿಜವಾಗ್ಲೂ ಕಾಯಿಲೆ ಇರೋರು ಒಬ್ಬಿಬ್ರು ಕೈತಪ್ಪಿ ಹೋಗ್ತಾರೆ ಅನ್ನೋರೂ ಇದಾರೆ. ನಾನು ಎರಡನೇ ಕಡೆಯವಳು, ವಾರ್ಡಲ್ಲಿ ನೋಡಿರೋದ್ರಿಂದ ಹಾಗಾಗಿರ್ಬಹುದು.

ನಾನು ನನ್ನ ತಂಗಿಗೆ ಹೇಳಿದ್ದನ್ನೇ ಹೇಳ್ತೀನಿ. ಕೂತಾಗ 100, 110ರೊಳಗಿದ್ದು, ವಾರಗಳ ಮೇಲೆ ನಿಧಾನಕ್ಕೆ ಏರಿದ್ದು, ಬೇರೇನೂ ಇಲ್ಲ ಅಂದ್ರೆ ಮುಂದಿನ ಚೆಕಪ್‌ನಲ್ಲಿ ಹೇಳಿದ್ರೆ ಸಾಕು. ನಿಮ್ಮದೇ ಹಳೇ ನಂಬರ್‌ಗಿಂತ ಕೆಲವೇ ದಿನದಲ್ಲಿ ಹತ್ತು ಹದಿನೈದು ಹಾರಿದ್ರೆ, ಇಲ್ಲಾ ಜೊತೆಗೆ ಸುಸ್ತು ಏದುಸಿರು ಇದ್ರೆ, ನಂಬರ್ 100 ದಾಟಿರ್ಲಿ ಬಿಡ್ಲಿ ಒಂದೆರಡು ದಿನದಲ್ಲಿ ತೋರಿಸಿ. ಸುಮ್ನೆ ಕೂತು ವಿಶ್ರಾಂತಿ ತಗೊಂಡ್ರೂ 120 ಮೇಲೇ ನಿಂತಿದ್ರೆ ಅವತ್ತೇ. ಎದೆನೋವು, ಪ್ರಜ್ಞೆ ತಪ್ಪೋದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟೋದು, ರಕ್ತಸ್ರಾವ ಇದ್ರೆ ನಾಡಿ ಎಣಿಸ್ತಾ ಕೂರ್ಬೇಡಿ, ಹೊರಡಿ. ಜ್ವರದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಬಡಿತ ಏರುತ್ತೆ, ಆದ್ರೆ ಬಸುರಿಗೆ ಜ್ವರ ಬಂದಿದ್ದೇ ತೋರಿಸೋಕೆ ಕಾರಣ. ಇನ್ನೊಂದು ಥರ ಇದೆ, ಸ್ವಿಚ್ ಹಾಕಿದ ಹಾಗೆ ಒಂದೇ ಸಲಕ್ಕೆ 170, 180ಕ್ಕೆ ಹಾರಿ, ಹಾಗೇ ಒಂದೇ ಸಲಕ್ಕೆ ನಿಲ್ಲೋದು. ಅದು ಬಸುರಿನ ಏರಿಕೆ ಅಲ್ಲ, ಹೃದಯದ ಕರೆಂಟ್ ದಾರಿ ತಪ್ಪಿದ್ದು, ನಡೀತಿರೋವಾಗ್ಲೇ ಇಸಿಜಿ ಸಿಕ್ಕಿದ್ರೆ ಒಳ್ಳೇದು.

ಬೆಳ್ಮುಗಿಲು (ಎರಡು ದಿನ ಆದ್ಮೇಲೆ)
ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 8.8. ಫೆರಿಟಿನ್ 6. ಥೈರಾಯ್ಡ್ ಸರಿ ಇದೆ, ಬಿಪಿ 108/66, ಇಸಿಜಿ ಸರಿ. ಅಕ್ಕಾ ಓದ್ತಾ ಕೈ ನಡುಗ್ತಿತ್ತು. ಡಾಕ್ಟರ್ ಬೈಯಲಿಲ್ಲ, ಮಾತ್ರೆ ಹೊಂದ್ಲಿಲ್ಲ ಅಂತ ಮೊದ್ಲೇ ಹೇಳಿದ್ರೆ ಬೇರೆ ಥರದ್ದು ಕೊಡ್ತಿದ್ದೆ, ಒಂದಿನ ಬಿಟ್ಟು ಒಂದಿನ ತಗೊಳ್ಳೋ ಹಾಗೂ ಮಾಡ್ಬಹುದಿತ್ತು ಅಂದ್ರು. ಈಗ ಇಷ್ಟು ಕಮ್ಮಿ ಇರೋದ್ರಿಂದ, ಹೆರಿಗೆಗೆ ಹತ್ತು ವಾರ ಅಷ್ಟೇ ಉಳಿದಿರೋದ್ರಿಂದ ನರಕ್ಕೇ ಐರನ್ ಹಾಕ್ತೀವಿ ಅಂದ್ರು. ನಾಡಿದ್ದು ಮೊದಲನೇ ಡೋಸ್.

ನಂಗೆ ಬೇಜಾರಾಗಿದ್ದು ಏನಂದ್ರೆ ಹೋದ ಎರಡು ಚೆಕಪ್‌ನಲ್ಲೂ ನರ್ಸ್ ನಾಡಿ ಬರ್ಕೊಂಡಿದಾರೆ, ನನ್ನ ಪುಸ್ತಕದಲ್ಲಿದೆ, 92, ಆಮೇಲೆ 96. ಬೇರೆ ಬೇರೆ ಪುಟದಲ್ಲಿ. ಯಾರೂ ಹಿಂದಿನ ಪುಟ ತಿರುಗಿಸಿ ನೋಡಿಲ್ಲ, ನಾನೂ ನೋಡಿಲ್ಲ.

ಅರ್ಧಚಂದ್ರ
ಗಾಬರಿ ಆಗ್ಬೇಡಿ ಅಂತ ನಾನು ಬರ್ದಿದ್ದಕ್ಕೆ ಕ್ಷಮಿಸಿ. ನನ್ನ ಹಾಗೇ ಇರುತ್ತೆ ಅನ್ಕೊಂಡೆ. ಬೇಗ ಹುಷಾರಾಗಿ.

ಪುಟ್ಟಹೆಜ್ಜೆ
ಐರನ್ ಹಾಕಿದ ಮಾರನೇ ದಿನಾನೇ ಹಾರ್ಟ್ ರೇಟ್ ಇಳಿಯುತ್ತಾ? ನಾನೂ ಮಾತ್ರೆ ಆಗಾಗ ಮರೀತೀನಿ, ಇವತ್ತೇ ರಕ್ತ ಕೊಟ್ಟು ಬಂದೆ.

ವಾರ್ಡ್_ಅಕ್ಕ
ಮಾರನೇ ದಿನ ಆಗಲ್ಲಮ್ಮ. ಐರನ್ ಬರೀ ಸಾಮಾನು, ಅದರಿಂದ ಮೂಳೆಮಜ್ಜೆ ಹೊಸ ಕಣ ಮಾಡ್ಬೇಕು. ಕೆಲವರಿಗೆ ವಾರ ಹತ್ತು ದಿನಕ್ಕೆ ಸುಸ್ತು ಕಮ್ಮಿ ಅನ್ಸುತ್ತೆ, ಹಿಮೋಗ್ಲೋಬಿನ್ ಒಂದೆರಡು ಪಾಯಿಂಟ್ ಏರೋಕೆ ಮೂರ್ನಾಲ್ಕು ವಾರ ಬೇಕು. ಬೆಳ್ಮುಗಿಲು, ನಾಡಿ ಬರಿಯೋದು ನಿಲ್ಲಿಸ್ಬೇಡಿ, ಆದ್ರೆ ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು, ದಿನಾ ನೋಡಿದ್ರೆ ನೋಡೋ ಗಾಬರಿಗೇ ನಾಡಿ ಏರುತ್ತೆ.

ಬೆಳ್ಮುಗಿಲು (34ನೇ ವಾರ)
ಬಂದೆ. ಎರಡು ಡೋಸ್ ಆಯ್ತು, ನಿನ್ನೆ ಹಿಮೋಗ್ಲೋಬಿನ್ 10.4. ಸಂಜೆ ನಾಡಿ ಮೊದಲ ಡೋಸ್ ಆಗಿ ಹತ್ತು ದಿನಕ್ಕೆ 104, ಆಮೇಲೆ 100, ಈ ವಾರ 94, 95. ಒಂದು ಮಹಡಿ ನಿಲ್ದೆ ಹತ್ತಿದೆ. ಮಗು ಮೂಗಿನ ತನಕ ಬೆಳೆದ ಹಾಗಿದೆ, ಹಾಗಿದ್ರೂ ಐದು ವಾರದ ಹಿಂದಿಗಿಂತ ಈಗ್ಲೇ ಆರಾಮು. ಇದು ಐರನ್‌ದೇ ಗುಣ ಅಂತ ಗಟ್ಟಿಯಾಗಿ ಹೇಳ್ಬಹುದಾ, ಇಲ್ಲಾ ತಾನಾಗೇ ಇಳೀತಿತ್ತಾ?

ವಾರ್ಡ್_ಅಕ್ಕ
ಓದಿ ತುಂಬಾ ಸಂತೋಷ ಆಯ್ತು. ನೂರಕ್ಕೆ ನೂರು ಅಂತ ಹೇಳೋಕಾಗಲ್ಲ, ಆದ್ರೆ ಒಂದು ನೋಡಿ. ಎಲ್ರಿಗೂ ನಾಡಿ ಮೇಲಕ್ಕೆ ಹೋಗೋ ವಾರಗಳು ಇವು, 34ರ ಹತ್ರಾನೇ ಅದರ ಎತ್ತರ ಅಂದೆ. ಎಲ್ರದ್ದೂ ಏರೋ ಹೊತ್ತಲ್ಲಿ ನಿಮ್ಮದು 106ರಿಂದ 94ಕ್ಕೆ ಇಳಿದಿದೆ, ತಾನಾಗೇ ಆಗೋದಾಗಿದ್ರೆ ಉಲ್ಟಾ ಆಗ್ಬೇಕಿತ್ತು.

ಹೆರಿಗೆ ಆದ್ಮೇಲೂ ಸ್ವಲ್ಪ ದಿನ ಗಮನ ಇರ್ಲಿ. ಮಾಮೂಲಾಗಿ ಮೊದಲ ವಾರಗಳಲ್ಲೇ ಇಳಿಯೋಕೆ ಶುರು ಆಗಿ ಆರು ವಾರದ ಹೊತ್ತಿಗೆ ಹಳೇ ನಂಬರ್ ಹತ್ರ ಬರುತ್ತೆ, ಕೆಲವರಿಗೆ ಇನ್ನೂ ತಡ. ಇಳಿಯೋ ಬದ್ಲು ಏರ್ತಿದ್ರೆ, ಅದ್ರಲ್ಲೂ ಮಲಗಿದ್ರೆ ಉಸಿರು ಕಟ್ಟಿ ದಿಂಬು ಒರಗಿಸಿ ಕೂರೋ ಹಾಗಾದ್ರೆ "ಮಗು ನಿದ್ದೆ ಕೊಡ್ತಿಲ್ಲ, ಅದಕ್ಕೇ ಸುಸ್ತು" ಅಂತ ಬಿಡ್ಬೇಡಿ, ಹೃದಯದ ಸ್ನಾಯು ಸೋಲೋ ಒಂದು ಕಾಯಿಲೆ ಇದೆ, ಹೆರಿಗೆ ಹತ್ರದ ತಿಂಗಳಿಂದ ಹಿಡಿದು ಆಮೇಲೆ ಐದು ತಿಂಗಳವರೆಗೂ ಕಾಣಿಸ್ಕೋಬಹುದು. ಅಪರೂಪ, ಆದ್ರೆ ಬಾಣಂತಿ ಸುಸ್ತಿನ ಹಿಂದೇನೇ ಅಡಗಿರುತ್ತೆ.

ಎರಡುಜಡೆ
ನಂದೂ ನೋಡಿಸ್ದೆ ಅಕ್ಕಾ, ಹಿಮೋಗ್ಲೋಬಿನ್ 11.1. ನಾಡಿ ಈಗ 30 ವಾರಕ್ಕೆ 106. ಸರಿ ಇದೆ ಅಂದ್ರು, ಆದ್ರೂ ಎರಡು ವಾರಕ್ಕೆ ಮತ್ತೆ ಬನ್ನಿ ಅಂದಿದಾರೆ.

ಬೆಳ್ಮುಗಿಲು
ಎರಡುಜಡೆ, ಹೋಗೋವಾಗ ನಂಬರ್‌ಗಳನ್ನೆಲ್ಲಾ ವಾರದ ಜೊತೆ ಒಂದೇ ಹಾಳೇಲಿ ಸಾಲಾಗಿ ಬರ್ಕೊಂಡು ಹೋಗಿ. ನಾನು ಹಾಗೆ ಬರ್ದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದೀನಿ, ಈಗ ನಮ್ಮ ನರ್ಸ್ ಅದರ ಕೆಳಗೇ ಹೊಸದು ಬರೀತಾರೆ.